ಅಮ್ಮನ ಹೆಸರಿಗೆ ಒಂದು ಗಿಂಡಿ ನೀರು

ಮೊದಲ ಸಲ ಆ ಸಾಲು ಕೇಳಿದಾಗ ಅದರಲ್ಲಿ ಕನ್ನಡದ 'ನಿನ್ನ' ಇದೆ ಅಂದುಕೊಂಡಿದ್ದೆ. 'ಯಥಾ ನಿನ್ನಂ ಪವತ್ತತಿ.' ಬೆಂಗಳೂರಿನ ಒಂದು ವಿಹಾರದಲ್ಲಿ ಭಿಕ್ಷುಗಳು ಅದನ್ನು ಹೇಳುತ್ತಿದ್ದರು. ಎದುರಿಗೆ ಕೂತ ಕುಟುಂಬವೊಂದು ಸಣ್ಣ ಹೂಜಿಯಿಂದ ಬಟ್ಟಲಿಗೆ ನೀರು ಬಿಡುತ್ತಿತ್ತು. ಬಟ್ಟಲು ತುಂಬಿತು. ಅವರು ನಿಲ್ಲಿಸಲಿಲ್ಲ. ನೀರು ಅಂಚು ದಾಟಿ ಕೆಳಗಿನ ತಟ್ಟೆಗೆ ಇಳಿಯಿತು. ಯಾರನ್ನೋ ಕಳೆದುಕೊಂಡವರು ಅಂತ ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಆಮೇಲೆ ಅರ್ಥ ಕೇಳಿಕೊಂಡೆ. ಪಾಲಿಯ 'ನಿನ್ನ' ಅಂದರೆ ತಗ್ಗು, ಸಂಸ್ಕೃತದ 'ನಿಮ್ನ'. ಇಡೀ ಪದ್ಯ ಹೀಗಿದೆ:

ಉನ್ನಮೇ ಉದಕಂ ವುಟ್ಠಂ ಯಥಾ ನಿನ್ನಂ ಪವತ್ತತಿ
ಏವಮೇವ ಇತೋ ದಿನ್ನಂ ಪೇತಾನಂ ಉಪಕಪ್ಪತಿ

ಎತ್ತರದಲ್ಲಿ ಸುರಿದ ಮಳೆ ನೀರು ಹೇಗೆ ತಗ್ಗಿಗೆ ಹರಿಯುತ್ತದೋ, ಹಾಗೆಯೇ ಇಲ್ಲಿಂದ ಕೊಟ್ಟದ್ದು ತೀರಿಹೋದವರಿಗೆ ಒದಗುತ್ತದೆ.

ನಾನು ತೀರ್ಥಹಳ್ಳಿ ಕಡೆಯವನು. ನಮ್ಮ ಮನೆಯ ಹಿಂದೆ ಬೆಟ್ಟ, ಮುಂದೆ ಇಳಿಜಾರು, ಅದರ ಕೆಳಗೆ ಅಡಿಕೆ ತೋಟ. ಜುಲೈ ತಿಂಗಳಲ್ಲಿ ಬೆಟ್ಟದ ಮೇಲೆ ಬಿದ್ದ ಮಳೆ ರಾತ್ರಿಯೆಲ್ಲ ಮನೆಯ ಪಕ್ಕದಲ್ಲೇ ಹರಿದು ತೋಟದ ಬಸಿಗಾಲುವೆಗೆ ಸೇರುವ ಸದ್ದು ಕೇಳುತ್ತಲೇ ನಾವು ಬೆಳೆದದ್ದು. ಆ ಪದ್ಯಕ್ಕೆ ನನಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಇದು ಖುದ್ದಕಪಾಠ ಅನ್ನುವ ಪಾಲಿ ಬೌದ್ಧ ಗ್ರಂಥದಲ್ಲಿರುವ 'ತಿರೋಕುಡ್ಡ ಸುತ್ತ'ದ ಪದ್ಯ. ಸುತ್ತ ಅಂದರೆ ಬುದ್ಧನ ಉಪದೇಶ. ಪೇತವತ್ಥು ಅನ್ನುವ ಇನ್ನೊಂದು ಗ್ರಂಥದಲ್ಲೂ ಇದೇ ಸುತ್ತ ಬರುತ್ತದೆ. ತಿರೋಕುಡ್ಡ ಅಂದರೆ ಗೋಡೆಯ ಆಚೆ. ತೀರಿಹೋದ ನೆಂಟರು ತಮ್ಮದೇ ಮನೆಗೆ ಬಂದು ಗೋಡೆಯ ಹೊರಗೆ, ದಾರಿಗಳು ಕೂಡುವಲ್ಲಿ, ಬಾಗಿಲ ಕಂಬದ ಹತ್ತಿರ ನಿಂತಿರುತ್ತಾರೆ ಅಂತ ಅದು ಶುರುವಾಗುತ್ತದೆ. ಒಳಗೆ ಊಟ ನಡೆಯುತ್ತಿದೆ, ಅವರ ನೆನಪು ಯಾರಿಗೂ ಇಲ್ಲ. 'ಪೇತ' ಅನ್ನುವ ಮಾತಿನ ಮೂಲ ಅರ್ಥ 'ಆಚೆಗೆ ಹೋದವರು' ಅಂತ. ನಾವು ಕನ್ನಡದಲ್ಲಿ 'ಪ್ರೇತ' ಅಂದ ಕೂಡಲೇ ಹೆದರುತ್ತೇವೆ. ಆ ಸುತ್ತ ಓದಿದರೆ ಬರುವುದು ಹೆದರಿಕೆಯಲ್ಲ, ಅಯ್ಯೋ ಪಾಪ ಅನ್ನಿಸುತ್ತದೆ.

ಇದರ ಹಿಂದಿನ ಕಥೆ ಅಟ್ಠಕಥೆಯಲ್ಲಿ, ಅಂದರೆ ಸುತ್ತಕ್ಕೆ ಬರೆದ ಹಳೆಯ ವ್ಯಾಖ್ಯಾನದಲ್ಲಿದೆ. ಮಗಧದ ರಾಜ ಬಿಂಬಿಸಾರ ಬುದ್ಧನಿಗೂ ಸಂಘಕ್ಕೂ ಊಟ ಬಡಿಸಿದ. ಆದರೆ ಆ ಪುಣ್ಯವನ್ನು ಯಾರ ಹೆಸರಿಗೂ ಹೇಳಲಿಲ್ಲ. ಅವನ ನೆಂಟರು ಬಹಳ ಹಿಂದೆ ಸಂಘಕ್ಕೆಂದು ಇಟ್ಟ ಊಟವನ್ನು ತಾವೇ ತಿಂದು ಪೇತರಾಗಿದ್ದವರು. ಈ ದಿನಕ್ಕಾಗಿಯೇ ಕಾದಿದ್ದರು. ಅಂದು ರಾತ್ರಿ ಅರಮನೆಯಲ್ಲಿ ಅವರ ಕೂಗು ಕೇಳಿಸಿತು. ಮರುದಿನ ಬುದ್ಧನನ್ನು ಕೇಳಿ ವಿಷಯ ತಿಳಿದ ರಾಜ ಮತ್ತೆ ದಾನ ಮಾಡಿದ. ನೀರು ಕೊಡುವಾಗ 'ಇದು ನನ್ನ ನೆಂಟರಿಗಾಗಲಿ' ಅಂದ. ಅವರಿಗೆ ತಾವರೆ ಕೊಳಗಳಾದವು. ಊಟ ಬಡಿಸುವಾಗ ಹಾಗೇ ಅಂದ, ಅವರ ಹಸಿವು ತೀರಿತು. ಬಟ್ಟೆ ಕೊಡುವಾಗ ಅಂದ, ಅವರಿಗೆ ಬಟ್ಟೆಯಾಯಿತು.

ಮೊದಲ ದಿನದ ದಾನಕ್ಕೂ ಎರಡನೇ ದಿನದ ದಾನಕ್ಕೂ ಇದ್ದ ವ್ಯತ್ಯಾಸ ಒಂದೇ ಮಾತು. ಆ ಮಾತನ್ನೇ ಇವತ್ತಿಗೂ ಹೇಳುವುದು:

ಇದಂ ಮೇ ಞಾತೀನಂ ಹೋತು
ಸುಖಿತಾ ಹೊಂತು ಞಾತಯೋ

ಪದ ಪದ ಬಿಡಿಸಿದರೆ: ಇದಂ, ಇದು. ಮೇ, ನನ್ನ. ಞಾತೀನಂ, ನೆಂಟರಿಗೆ. ಹೋತು, ಆಗಲಿ. ಸುಖಿತಾ, ಸುಖವುಳ್ಳವರು. ಹೊಂತು, ಆಗಲಿ, ಇದು ಬಹುವಚನ. ಞಾತಯೋ, ನೆಂಟರು. 'ಇದು ನನ್ನ ನೆಂಟರಿಗಾಗಲಿ, ನೆಂಟರು ಸುಖವಾಗಿರಲಿ.' ನಮ್ಮ 'ಆಗಲಿ', 'ಇರಲಿ' ಪಾಲಿಯ 'ಹೋತು', 'ಹೊಂತು'ಗೆ ಎಷ್ಟು ಚೆನ್ನಾಗಿ ಕೂರುತ್ತವೆ ನೋಡಿ. ಅಪ್ಪಣೆಯೂ ಅಲ್ಲ, ಬೇಡಿಕೆಯೂ ಅಲ್ಲ. ಕೈ ತೆರೆದು ಬಿಟ್ಟುಕೊಡುವ ಮಾತು.

ಹೇಳುವ ರೀತಿಯ ಬಗ್ಗೆ ಎರಡು ಮಾತು ಹೇಳಬೇಕು. 'ಞಾತಿ' ಕಂಡ ಕೂಡಲೇ ನಮ್ಮ ನಾಲಿಗೆ 'ಜ್ಞಾತಿ' ಅನ್ನಲು ಹೋಗುತ್ತದೆ. ಅದು ಬೇಡ. 'ಮಂಜು' ಅನ್ನುವಾಗ 'ಜ'ಕ್ಕಿಂತ ಮುಂಚೆ ನಾಲಿಗೆ ಎಲ್ಲಿ ತಾಗುತ್ತದೋ ಅಲ್ಲಿಂದಲೇ 'ಞಾ' ಹೊರಡಬೇಕು. ಹಾಗೆಯೇ 'ಹೋತು' ದೀರ್ಘ, 'ಹೊಂತು' ಹ್ರಸ್ವ. ಪಾಲಿಯಲ್ಲಿ ಒತ್ತಕ್ಷರದ ಮುಂದೆ 'ಏ', 'ಓ' ಗಿಡ್ಡವಾಗುತ್ತವೆ. ನಮ್ಮ ಲಿಪಿಯಲ್ಲಿ ಎ-ಏ, ಒ-ಓ ಬೇರೆ ಬೇರೆ ಇರುವುದರಿಂದ ಅದನ್ನು ಇದ್ದ ಹಾಗೇ ಬರೆಯಬಹುದು, ನಾಗರಿಯಲ್ಲಿ ಅಷ್ಟು ಸುಲಭವಿಲ್ಲ. ಕೊನೆಯ ಅನುಸ್ವಾರವನ್ನು ಸಿಂಹಳದವರು 'ಇದಙ್' ಅನ್ನುವ ಹಾಗೆ ಮೂಗಿನಲ್ಲಿ ಬಿಡುತ್ತಾರೆ. ನಾವು 'ಇದಮ್' ಅನ್ನುತ್ತೇವೆ. ಇದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ.

ನೀರಿನ ಕ್ರಮವೂ ಸರಳ. ಮೊದಲು ಏನಾದರೂ ಒಳ್ಳೆಯದು ನಡೆದಿರಬೇಕು: ದಾನವೋ, ಐದು ಶೀಲವೋ, ಧ್ಯಾನವೋ. ಏನೂ ಮಾಡದೆ ಬರೀ ಪದ್ಯ ಹೇಳಿದರೆ ಖಾಲಿ ಪಾತ್ರೆ ಬಗ್ಗಿಸಿದ ಹಾಗೆ. ಒಂದು ಬಟ್ಟಲು, ಅದರ ಕೆಳಗೊಂದು ತಟ್ಟೆ ಇಟ್ಟುಕೊಳ್ಳಬೇಕು. ನೀರು ಬಿಡಲು ಚೊಂಬು ಅಷ್ಟು ಸರಿಯಲ್ಲ, ಅದರ ಬಾಯಿ ಅಗಲ. ಒಮ್ಮೆಲೇ ಸುರಿದುಬಿಡುತ್ತದೆ. ನಮ್ಮ ಮನೆಗಳಲ್ಲಿ ಮೂತಿ ಇರುವ ಹಿತ್ತಾಳೆ ಗಿಂಡಿ ಇರುತ್ತದಲ್ಲ, ಅದು ಇದಕ್ಕೆಂದೇ ಮಾಡಿದ ಹಾಗಿದೆ. ದಾರದಷ್ಟು ಸಣ್ಣ ಧಾರೆ ಬರುತ್ತದೆ. ಪದ್ಯವನ್ನು ಮೂರು ಸಲ ನಿಧಾನವಾಗಿ ಹೇಳುವಷ್ಟೂ ಹೊತ್ತು ಧಾರೆ ಕಡಿಯಬಾರದು. ಬಟ್ಟಲು ತುಂಬಿ ಹೊರಗೆ ಹರಿಯಬೇಕು. ಆಮೇಲೆ ಆ ನೀರನ್ನು ಒಂದು ಮರದ ಬುಡಕ್ಕೆ ಹಾಕುವುದು. ಥಾಯ್ಲೆಂಡಿನಲ್ಲಿ ಹಿರಿಯ ಭಿಕ್ಷು 'ಯಥಾ ವಾರಿವಹಾ ಪೂರಾ' ಅಂತ ಶುರುಮಾಡಿದಾಗ ನೀರು ಬಿಡಲು ತೊಡಗುತ್ತಾರೆ, ಉಳಿದ ಭಿಕ್ಷುಗಳು 'ಸಬ್ಬೀತಿಯೋ' ಅಂತ ದನಿ ಕೂಡಿಸುವಷ್ಟರಲ್ಲಿ ಮುಗಿಸುತ್ತಾರೆ. ತುಂಬಿದ ಹೊಳೆಗಳು ಕಡಲನ್ನು ತುಂಬುವ ಹಾಗೆ ಅನ್ನುವುದು ಆ ಪದ್ಯದ ಅರ್ಥ.

ನೀರಿನಿಂದ ಪುಣ್ಯ ಹೋಗುತ್ತದೆ ಅಂತ ಅಲ್ಲ. ನೀರಿಲ್ಲದೆಯೂ ಹೇಳಬಹುದು, ಬಸ್ಸಿನಲ್ಲಿ ಕೂತು ಕೂಡ. ಆದರೆ ಮನಸ್ಸು ಎಲ್ಲೋ ಹೋದರೆ ಧಾರೆ ಕಡಿದು ತೋರಿಸಿಬಿಡುತ್ತದೆ. ನನಗೆ ಹಾಗಾಗಿದೆ, ಮುಂದೆ ಹೇಳುತ್ತೇನೆ.

ನಮ್ಮ ನೆಲಕ್ಕೆ ಇದು ಹೊಸದೇನಲ್ಲ. ಕನ್ನಡ ಶಾಸನಗಳಲ್ಲಿ ದಾನ ಕೊಟ್ಟವರು 'ಧಾರಾಪೂರ್ವಕಂ ಮಾಡಿ' ಕೊಟ್ಟರು ಅಂತ ಮತ್ತೆ ಮತ್ತೆ ಬರುತ್ತದೆ. ನೀರು ಎರೆದು ಕೊಟ್ಟರೆ ಕೊಟ್ಟ ಹಾಗೆ, ಇನ್ನು ವಾಪಸ್ ಇಲ್ಲ. ಮದುವೆಯ ಧಾರೆಯೂ ಅದೇ. ನಮ್ಮದೇ ಜಿಲ್ಲೆಯ ಬಳ್ಳಿಗಾವಿಯಲ್ಲಿ 11ನೇ ಶತಮಾನದಲ್ಲಿ ಬೌದ್ಧ ವಿಹಾರ ಇತ್ತು, ತಾರಾ ಭಗವತಿಯ ಪೂಜೆ ನಡೆಯುತ್ತಿತ್ತು. ಶಿಕಾರಿಪುರ ದಾರಿಯಲ್ಲಿ ಹೋಗುವಾಗಲೆಲ್ಲ ಇದು ನೆನಪಾಗುತ್ತದೆ.

ಅಮ್ಮ ತೀರಿಕೊಂಡ ಮೊದಲ ವರ್ಷ ನಾನು ಇದನ್ನು ಮಾಡುತ್ತೇನೆ ಅಂದಾಗ ಭದ್ರಾವತಿಯ ಗೆಳೆಯ ಒಪ್ಪಲಿಲ್ಲ. ಅವನ ಮನೆಯವರು ಬಾಬಾಸಾಹೇಬರ ದಾರಿಯಲ್ಲಿ ಧಮ್ಮ ಸ್ವೀಕರಿಸಿದವರು.

"ಇದು ಶ್ರಾದ್ಧವೇ ಅಲ್ವೇನೋ ಮಾರಾಯ? ಶ್ರಾದ್ಧ ಮಾಡಲ್ಲ, ಪಿಂಡ ಇಡಲ್ಲ ಅಂತ 22 ಪ್ರತಿಜ್ಞೆಗಳಲ್ಲೇ ಇದೆ" ಅಂದ.

ಅವನ ಪ್ರಶ್ನೆ ನ್ಯಾಯವಾದದ್ದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ತೆಗೆದುಕೊಂಡ ಆ ಪ್ರತಿಜ್ಞೆ ಸುಮ್ನೆ ಬಂದದ್ದಲ್ಲ. ನಾನು ಒಂದು ವಾರ ಯೋಚಿಸಿದೆ. ಆಗ ಸಿಕ್ಕಿದ್ದು ಬುದ್ಧನ ಉಪದೇಶಗಳ ಸಂಗ್ರಹವಾದ ಅಂಗುತ್ತರ ನಿಕಾಯದ ಒಂದು ಮಾತುಕತೆ. ಜಾಣುಸ್ಸೋಣಿ ಅನ್ನುವ ಬ್ರಾಹ್ಮಣ ಬುದ್ಧನ ಹತ್ತಿರ ಬಂದು ಸರಿಯಾಗಿ ಇದನ್ನೇ ಕೇಳುತ್ತಾನೆ: ನಾವು ಶ್ರಾದ್ಧ ಮಾಡಿ ತೀರಿಹೋದವರಿಗೆ ಅಂತ ಕೊಡುತ್ತೇವೆ, ಅದು ಅವರಿಗೆ ಮುಟ್ಟುತ್ತದೆಯೇ?

ಬುದ್ಧನ ಉತ್ತರ ಬಹಳ ಅಳೆದು ಹೇಳಿದ್ದು. ಎಲ್ಲರಿಗೂ ಮುಟ್ಟುವುದಿಲ್ಲ. ನರಕದಲ್ಲಿ ಹುಟ್ಟಿದವರು ಅಲ್ಲಿನ ಆಹಾರದಲ್ಲಿ ಬದುಕುತ್ತಾರೆ, ಪ್ರಾಣಿಯಾಗಿ ಹುಟ್ಟಿದವರು ಪ್ರಾಣಿಯ ಆಹಾರದಲ್ಲಿ. ಮನುಷ್ಯರಾಗಿ, ದೇವತೆಯಾಗಿ ಹುಟ್ಟಿದವರಿಗೂ ಹಾಗೇ. ಪೇತರಾಗಿ ಇರುವವರಿಗೆ ಮಾತ್ರ ಇಲ್ಲಿಂದ ಕೊಟ್ಟದ್ದು ಒದಗುತ್ತದೆ. ಜಾಣುಸ್ಸೋಣಿ ಬಿಡುವುದಿಲ್ಲ. ನಾನು ಯಾರಿಗಾಗಿ ಕೊಟ್ಟೆನೋ ಅವರು ಅಲ್ಲಿ ಇಲ್ಲದಿದ್ದರೆ? ಅಲ್ಲಿರುವ ಬೇರೆ ನೆಂಟರಿಗೆ ಒದಗುತ್ತದೆ. ಅವರೂ ಇಲ್ಲದಿದ್ದರೆ? ಇಷ್ಟು ದೀರ್ಘ ಕಾಲದಲ್ಲಿ ಆ ಜಾಗ ನಿನ್ನ ನೆಂಟರಿಲ್ಲದೆ ಖಾಲಿ ಇರುವುದಕ್ಕೆ ಸಾಧ್ಯವೇ ಇಲ್ಲ. ಅದೂ ಅಲ್ಲದೆ, ಕೊಟ್ಟವನಿಗೆ ಅದರ ಫಲ ತಪ್ಪುವುದಿಲ್ಲ.

ಈ ಮಾತು ಓದಿದ ದಿನ ನಾನು ಬಹಳ ಹೊತ್ತು ಜಗಲಿಯಲ್ಲಿ ಕೂತಿದ್ದೆ. ಅಮ್ಮ ಎಲ್ಲಿದ್ದಾಳೆ ಅಂತ ನನಗೆ ಗೊತ್ತಿಲ್ಲ. ಅವಳಿದ್ದ ರೀತಿ ನೋಡಿದರೆ ಹಸಿದು ಗೋಡೆಯ ಹೊರಗೆ ನಿಂತಿರಲಾರಳು. ಹಾಗಾದರೆ ನಾನು ಎರೆದ ನೀರು ಯಾರಿಗೆ? ಹೆಸರೇ ಗೊತ್ತಿಲ್ಲದ ಯಾವುದೋ ಮುತ್ತಜ್ಜಿಗೆ. ಅಮ್ಮನ ಹೆಸರು ಹೇಳಿ ಬಿಟ್ಟ ನೀರನ್ನು ಬೇರೆ ಯಾರೋ ಕುಡಿಯುತ್ತಾರೆ. ಅಮ್ಮ ಇದ್ದಾಗಲೂ ಅಷ್ಟೇ ಅಲ್ವಾ, ಅವಳ ಪಾಲಿಗೆ ಅಂತ ಇಟ್ಟದ್ದನ್ನು ಅವಳು ತಿಂದದ್ದು ಕಡಿಮೆ. ಪದ್ಯದಲ್ಲಿ 'ಞಾತೀನಂ' ಅಂತ ಬಹುವಚನ ಇರುವುದು ಯಾಕೆ ಅಂತ ಅವತ್ತು ಗೊತ್ತಾಯಿತು.

ಗೆಳೆಯನಿಗೆ ಎರಡು ವಿಷಯ ಹೇಳಿದೆ. ಒಂದು, ಇಲ್ಲಿ ಪಿಂಡ ಇಲ್ಲ. ಊಟ ಹೋಗುವುದು ಬದುಕಿರುವವರ ಹೊಟ್ಟೆಗೆ. ತೀರಿಹೋದವರಿಗೆ ಕೊಡುವುದು ಆ ಒಳ್ಳೆಯ ಕೆಲಸದಲ್ಲಿ ಪಾಲು. ಎರಡು, ಆ ಪಾಲು ಕೂಡ ತಾನಾಗಿ ಹೋಗಿ ಅವರ ಮೇಲೆ ಬೀಳುವುದಿಲ್ಲ. ಅವರವರ ಕಮ್ಮ, ಅಂದರೆ ಕರ್ಮ, ಅವರವರದು, ಈ ಮಾತನ್ನು ಬುದ್ಧ ಎಲ್ಲೂ ಸಡಿಲಿಸಲಿಲ್ಲ. ಹಾಗಾದರೆ ಪುಣ್ಯ ಹೇಗೆ ದಾಟುತ್ತದೆ? ಅದಕ್ಕೇ ಎರಡು ಹೆಸರಿರುವುದು. ಕೊಡುವವನು ಮಾಡುವುದು 'ಪತ್ತಿದಾನ'. ಪತ್ತಿ ಅಂದರೆ ಪ್ರಾಪ್ತಿ, ಪಡೆದದ್ದು. ತಾನು ಪಡೆದದ್ದರಲ್ಲಿ ಪಾಲು ಕೊಡುವುದು. ತೆಗೆದುಕೊಳ್ಳುವವರು ಮಾಡುವುದು 'ಪತ್ತಾನುಮೋದನಾ', ಆ ಪಾಲಿಗೆ ಮನಸಾರೆ ಸಂತೋಷಪಡುವುದು. ಆ ಸಂತೋಷ ಅವರದೇ ಮನಸ್ಸಿನ ಕೆಲಸ, ಅವರದೇ ಕಮ್ಮ. ಅದರಿಂದ ಅವರಿಗೆ ಒಳ್ಳೆಯದಾಗುತ್ತದೆ. ಪುಣ್ಯ ತರುವ ಹತ್ತು ಕೆಲಸಗಳಲ್ಲಿ ಈ ಎರಡನ್ನೂ ಬೇರೆ ಬೇರೆಯಾಗಿ ಎಣಿಸುತ್ತಾರೆ.

"ಹಂಗಾದ್ರೆ ಬದುಕಿರೋರೂ ಸಂತೋಷಪಡಬಹುದಲ್ಲ?" ಅಂದ. ಹೌದು, ಧಾರಾಳವಾಗಿ. ಅದಕ್ಕೇ ಕೊನೆಗೆ ಎಲ್ಲರೂ ಮೂರು ಸಲ 'ಸಾಧು' ಅನ್ನುವುದು. ಒಳ್ಳೆಯದಾಯಿತು ಅನ್ನುವ ಮಾತು ಅದು. ಅವನು ಇವತ್ತಿಗೂ ನೀರು ಎರೆಯುವುದಿಲ್ಲ. ಆದರೆ ನಮ್ಮ ಮನೆಗೆ ಬಂದು ಸಾಧು ಅನ್ನುತ್ತಾನೆ.

ಕೊಟ್ಟರೆ ನಮ್ಮದು ಖಾಲಿಯಾಗುತ್ತದೆಯೇ ಅಂತ ಅಕ್ಕ ಕೇಳಿದ್ದಳು. ಅದಕ್ಕೆ ಧಮ್ಮಪದದ ಅಟ್ಠಕಥೆಯಲ್ಲಿ ಅನ್ನಭಾರನ ಕಥೆ ಇದೆ. ಅವನು ಹುಲ್ಲು ಹೊತ್ತು ಬದುಕುವ ಬಡವ. ತನ್ನ ಪಾಲಿನ ಊಟವನ್ನು ಒಬ್ಬ ಪಚ್ಚೇಕಬುದ್ಧನಿಗೆ, ಅಂದರೆ ಗುರುವಿಲ್ಲದೆ ತಾನೇ ಅರಿವು ಪಡೆದವನಿಗೆ, ಕೊಟ್ಟುಬಿಟ್ಟ. ಅವನಿಗೆ ಕೆಲಸ ಕೊಟ್ಟಿದ್ದ ಸುಮನ ಶ್ರೇಷ್ಠಿ ದುಡ್ಡು ಕೊಡುತ್ತೇನೆ, ಆ ಪುಣ್ಯ ನನಗೆ ಮಾರು ಅಂದ. ಅನ್ನಭಾರ ಹೋಗಿ ಪಚ್ಚೇಕಬುದ್ಧನನ್ನೇ ಕೇಳಿದ. ಅವನ ಉತ್ತರ: ಊರಿನಲ್ಲಿ ಒಂದೇ ಮನೆಯ ದೀಪ ಉರಿಯುತ್ತಿದೆ, ಉಳಿದ ಮನೆಯವರೆಲ್ಲ ಬಂದು ಅದರಿಂದ ಬತ್ತಿ ಹಚ್ಚಿಕೊಂಡು ಹೋದರೆ ಮೊದಲ ದೀಪದ ಬೆಳಕು ಕಡಿಮೆಯಾಗುತ್ತದೆಯೇ? ಅನ್ನಭಾರ ವಾಪಸ್ ಬಂದು, ಮಾರುವುದಿಲ್ಲ, ಸುಮ್ಮನೆ ಕೊಡುತ್ತೇನೆ, ತೆಗೆದುಕೊಳ್ಳಿ ಅಂದ. ನನಗೆ ಈ ಕಥೆಯಲ್ಲಿ ದೀಪಕ್ಕಿಂತ 'ಮಾರುವುದಿಲ್ಲ' ಅನ್ನುವ ಮಾತು ದೊಡ್ಡದು. ಪುಣ್ಯ ಸಮರ್ಪಣೆ ಕೆಡುವುದು ಹೆಚ್ಚಾಗಿ ಅಲ್ಲೇ. 'ಇಷ್ಟು ಮಾಡಿದ್ದೇನೆ, ಈ ವರ್ಷ ತೋಟಕ್ಕೆ ಕೊಳೆ ಬರದಿರಲಿ' ಅಂತ ಜೊತೆಗೆ ಸೇರಿಸಿದರೆ ಅದು ವ್ಯಾಪಾರ. ತಿರೋಕುಡ್ಡ ಸುತ್ತದಲ್ಲೇ ಒಂದು ಸಾಲಿದೆ: ಅಲ್ಲಿ ಬೇಸಾಯವಿಲ್ಲ, ದನ ಸಾಕಣೆ ಇಲ್ಲ, ಕೊಡು-ಕೊಳ್ಳುವ ವ್ಯಾಪಾರವಿಲ್ಲ, ಇಲ್ಲಿಂದ ಕೊಟ್ಟದ್ದರಲ್ಲೇ ಅವರು ಬದುಕಬೇಕು. ತೋಟ ಮಾಡುವ ನಮ್ಮಂಥವರಿಗೆ ಆ ಸಾಲು ನೇರವಾಗಿ ತಾಗುತ್ತದೆ.

ಅಳುವುದರ ಬಗ್ಗೆಯೂ ಸುತ್ತ ಹೇಳುತ್ತದೆ. ಅಳು, ಶೋಕ, ಗೋಳಾಟ ಹೋದವರಿಗೆ ಉಪಯೋಗಕ್ಕೆ ಬರುವುದಿಲ್ಲ. ಅದರ ಬದಲು ಏನು ಮಾಡಬೇಕು ಅಂತಲೂ ಇದೆ: 'ಅದಾಸಿ ಮೇ, ಅಕಾಸಿ ಮೇ.' ನನಗೆ ಕೊಟ್ಟರು, ನನಗಾಗಿ ಮಾಡಿದರು. ಇದನ್ನು ನೆನೆದು ಕೊಡಬೇಕು. ಹಾಗಾಗಿ ನಾನು ಗಿಂಡಿ ಎತ್ತುವ ಮುಂಚೆ ಪ್ರತಿಯೊಬ್ಬರ ಹೆಸರಿಗೂ ಅವರು ಮಾಡಿದ ಒಂದು ಕೆಲಸ ನೆನೆಯುತ್ತೇನೆ. ಬರೀ ಹೆಸರುಗಳ ಪಟ್ಟಿ ಓದಿದರೆ ಮನಸ್ಸು ಒಣಗಿರುತ್ತದೆ. ಅಮ್ಮ: ನನಗೆ ಜ್ವರ ಬಂದ ರಾತ್ರಿ ಹಂಡೆ ಒಲೆಗೆ ಹಸಿ ಕಟ್ಟಿಗೆ ಊದಿ ಊದಿ ಕಣ್ಣು ಕೆಂಪಾಗಿತ್ತು. ಅಷ್ಟು ಸಾಕು.

ಧಾರೆ ಕಡಿದದ್ದು ಎರಡನೇ ವರ್ಷ. ಅಂದು ಬೆಳಿಗ್ಗೆ ಅಕ್ಕ, ನಾನು ಐದು ಶೀಲ ತೆಗೆದುಕೊಂಡೆವು. ನಮ್ಮ ಹತ್ತಿರ ಭಿಕ್ಷುಗಳು ಇಲ್ಲದ್ದರಿಂದ ವಿಹಾರಕ್ಕೆ ಒಂದು ಹೊತ್ತಿನ ಊಟದ ಖರ್ಚನ್ನು ಮೊದಲೇ ಕಳಿಸಿದ್ದೆವು. ಮುಕ್ಕಾಲು ಗಂಟೆ ಮೆತ್ತಾ ಧ್ಯಾನಕ್ಕೆ, ಅಂದರೆ ಎಲ್ಲರಿಗೂ ಒಳ್ಳೆಯದು ಬಯಸುವ ಮೈತ್ರಿ ಧ್ಯಾನಕ್ಕೆ ಕೂತೆವು. ಆಮೇಲೆ ಗಿಂಡಿ. ಅಮ್ಮ, ಅಪ್ಪ, ಅಜ್ಜ, ಅಜ್ಜಿ, ಎಲ್ಲ ಸರಾಗವಾಗಿ ಹೋಯಿತು. ಅಕ್ಕ ಮೆಲ್ಲಗೆ 'ಚಿಕ್ಕಪ್ಪ' ಅಂದಳು.

ಚಿಕ್ಕಪ್ಪ ಹೋಗಿ ಆಗ ಆರು ತಿಂಗಳಾಗಿತ್ತು. ಪಾಲಿನ ವಿಷಯಕ್ಕೆ ನಮಗೂ ಅವರಿಗೂ ಹನ್ನೊಂದು ವರ್ಷ ಮಾತಿರಲಿಲ್ಲ. ಅಬ್ಬಿ ನೀರು ಯಾರ ತೋಟಕ್ಕೆ ಮೊದಲು ಅನ್ನುವುದರಿಂದ ಶುರುವಾದದ್ದು ಅದು. 'ಅದಾಸಿ ಮೇ' ಅಂತ ನೆನೆಯಲು ಹೋದರೆ ಏನೂ ಸಿಗಲಿಲ್ಲ. ಬಾಯಿ ಪದ್ಯ ಹೇಳುತ್ತಿತ್ತು, ಕೈ ನಿಂತುಹೋಯಿತು. ಬಟ್ಟಲು ತುಂಬಲಿಲ್ಲ.

ನಾನು ಅದನ್ನು ಮುಚ್ಚಿಡಲು ನೋಡಲಿಲ್ಲ. ಗಿಂಡಿ ಕೆಳಗಿಟ್ಟೆ. ಆಗದಿದ್ದಾಗ ಆಗಿಲ್ಲ ಅಂತ ತಿಳಿದು ನಿಲ್ಲಿಸುವುದು ಒಳ್ಳೆಯದು, ಮನಸ್ಸಿಲ್ಲದೆ ಸುರಿದು ಮುಗಿಸುವುದಕ್ಕಿಂತ. ಉಳಿದ ನೀರನ್ನು ಹಾಗೇ ಇಟ್ಟು ಮತ್ತೆ ಮೆತ್ತಾಕ್ಕೆ ಕೂತೆ. ಈ ಸಲ ಅವರೊಬ್ಬರಿಗೇ. ಅವತ್ತೂ ಆಗಲಿಲ್ಲ. ಮರುದಿನ, ಅದರ ಮರುದಿನ, ದಿನಾ ಹತ್ತು ನಿಮಿಷ. ಸುಮಾರು ಇಪ್ಪತ್ತು ದಿನದ ಮೇಲೆ ಒಂದು ಸಂಗತಿ ನೆನಪಿಗೆ ಬಂತು. ನಾನು ಏಳು ವರ್ಷದವನಿದ್ದಾಗ ಮಳೆಗಾಲದಲ್ಲಿ ಹಳ್ಳ ತುಂಬಿ ಶಾಲೆಯಿಂದ ವಾಪಸ್ ಬರಲು ಆಗುತ್ತಿರಲಿಲ್ಲ. ಕಂಬಳಿ ಕೊಪ್ಪೆ ಹಾಕಿಕೊಂಡು ಬಂದು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂಕ ದಾಟಿಸುತ್ತಿದ್ದವರು ಅವರೇ. ಅಪ್ಪ ಅಲ್ಲ. ಇಷ್ಟು ವರ್ಷ ಅದು ಅಪ್ಪ ಅಂದುಕೊಂಡಿದ್ದೆ.

ಈ ವರ್ಷದ ಆಷಾಢದಲ್ಲಿ ಅಮ್ಮ ಹೋಗಿ ನಾಲ್ಕು ವರ್ಷ. ನಾನು ಈಗ ಹೇಳುವ ಕ್ರಮ ಇದು. ಮೊದಲು ಕನ್ನಡದಲ್ಲಿ, ಹೆಸರು ಹಿಡಿದು: 'ಇವತ್ತು ಕೊಟ್ಟ ದಾನ, ಇಟ್ಟುಕೊಂಡ ಶೀಲ, ಕೂತ ಧ್ಯಾನ, ಇವುಗಳಿಂದ ಬಂದ ಪುಣ್ಯದಲ್ಲಿ ಅಮ್ಮನಿಗೆ, ಅಪ್ಪನಿಗೆ, ಚಿಕ್ಕಪ್ಪನಿಗೆ, ಹೆಸರು ಗೊತ್ತಿಲ್ಲದ ಎಲ್ಲ ನೆಂಟರಿಗೆ ಪಾಲು.' ಆಮೇಲೆ ಧಾರೆಯ ಜೊತೆ ಪಾಲಿಯಲ್ಲಿ ಮೂರು ಸಲ, 'ಇದಂ ಮೇ ಞಾತೀನಂ ಹೋತು, ಸುಖಿತಾ ಹೊಂತು ಞಾತಯೋ.' ಕೊನೆಗೆ ನನ್ನ ಸಲುವಾಗಿ ಒಂದೇ ಸಾಲು: 'ಇದಂ ಮೇ ಪುಞ್ಞಂ ನಿಬ್ಬಾನಸ್ಸ ಪಚ್ಚಯೋ ಹೋತು', ಈ ನನ್ನ ಪುಣ್ಯ ನಿರ್ವಾಣಕ್ಕೆ ನೆರವಾಗಲಿ. ಬೇರೇನೂ ಕೇಳುವುದಿಲ್ಲ. ಮುಂಡಗೋಡದ ಟಿಬೆಟಿಯನ್ ಮಠಗಳಲ್ಲಿ ಇದರ ದಿಕ್ಕು ಇನ್ನೂ ಅಗಲ, ಎಲ್ಲ ಜೀವಿಗಳನ್ನೂ ಬುದ್ಧತ್ವಕ್ಕೆ ಮುಟ್ಟಿಸುವುದಕ್ಕೇ ಎಲ್ಲ ಪುಣ್ಯವನ್ನೂ ತಿರುಗಿಸುತ್ತಾರೆ. ಅದರ ಬಗ್ಗೆ ಬೇರೆಯೇ ಬರೆಯಬೇಕು.

ಈ ಸಲ ಬಟ್ಟಲು ತುಂಬಿ ತಟ್ಟೆಯೂ ತುಂಬಿತು. ಮಳೆ ಸ್ವಲ್ಪ ಬಿಟ್ಟಿತ್ತು. ನೀರು ಹಿಡಿದುಕೊಂಡು ಎರಡೂ ತೋಟಗಳ ನಡುವಿನ ಹಲಸಿನ ಮರಕ್ಕೆ ಹೋದೆ. ಚಿಕ್ಕಪ್ಪನ ಮಗ ಆಚೆ ಕಡೆ ಬಸಿಗಾಲುವೆ ಬಿಡಿಸುತ್ತಿದ್ದ. ನಾವಿಬ್ಬರೂ ಈಗ ಎಷ್ಟು ಬೇಕೋ ಅಷ್ಟು ಮಾತ್ರ ಮಾತಾಡುತ್ತೇವೆ. ನಾನು ಮರದ ಬುಡಕ್ಕೆ ನೀರು ಹಾಕುವುದನ್ನು ನೋಡಿ ಹಾರೆ ನಿಲ್ಲಿಸಿದ.

"ಈ ಮಳೇಲಿ ಮರಕ್ಕೆ ನೀರು ಯಾಕಣ್ಣ?"

ಹೇಳಿದೆ. ಅಮ್ಮನ ಹೆಸರಿಗೆ, ನಿಮ್ಮಪ್ಪನ ಹೆಸರಿಗೂ ಅಂದೆ. ಅವನು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ನೆಲ ನೋಡಿದ.

"ಕೇಳಿದವರು ಏನಾದ್ರೂ ಹೇಳ್ಬೇಕಾ ಇದಕ್ಕೆ?"

"ಸಾಧು ಅಂದ್ರೆ ಸಾಕು."

ಕೆಸರು ಕೈಯನ್ನು ಪಂಚೆಗೆ ಒರೆಸಿಕೊಂಡು ಅವನು ಸಾಧು ಅಂದ.